ಪ್ಯಾಕೆಟ್ ತಿಂಡಿಗಳಿಗೆ ಒಂದೇ ಟೇಬಲ್: ಸರ್ವಿಂಗ್‌ಗೆ ಎಷ್ಟು, 100 ಗ್ರಾಂಗೆ ಎಷ್ಟು

ಆರು ಪ್ಯಾಕೆಟ್ ತಿಂಡಿಗಳ ಕ್ಯಾಲರಿ, ಪ್ರೊಟೀನ್, ಸಕ್ಕರೆಯನ್ನು ಅಕ್ಕಪಕ್ಕ ಇಟ್ಟು ನೋಡುವ ಟೇಬಲ್ ಒಂದು ಕೊನೆಗೂ ಸರಿಯಾಗಿ ನಿಂತಿದೆ. ಲೇಬಲ್ ನೋಡಿ ಅಂಕಿ ಹೊಡೆದರೆ ಆಯ್ತು, ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಅಂಕಿ ಹೊಡೆಯೋದು ಅರ್ಧ ಗಂಟೆಯದ್ದೇ. ಆದರೆ ಯಾವ ಅಂಕಿ ಎಷ್ಟು ಗ್ರಾಂಗೆ ಸೇರಿದ್ದು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಅನ್ನೋದರಲ್ಲೇ ಕೆಲಸವೆಲ್ಲ ಇದೆ. ಇದೇ ಥರ ಟೇಬಲ್ ಮಾಡಿಕೊಳ್ಳುವವರಿಗೆ ಅನುಕೂಲ ಆಗಲಿ ಅಂತ ಮಾಡಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಯಾವುದಾದರೂ ಒಂದು ಸ್ಪ್ರೆಡ್‌ಶೀಟ್, ಲೇಬಲ್ ಫೋಟೋ ತೆಗೆಯೋಕೆ ಫೋನ್, 1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಕೆಳಗೆ ಕ್ಯಾಲರಿ ಅಂದಲ್ಲೆಲ್ಲ ಲೇಬಲ್ ಮೇಲಿನ ಕಿಲೋಕ್ಯಾಲರಿ ಅಂತಲೇ ತಿಳಿಯಿರಿ.

ಹಂತ 1: ಪ್ಯಾಕೆಟ್‌ಗಳು

ತಗೊಂಡಿದ್ದು ಇವು: ಆಲೂಗಡ್ಡೆ ಚಿಪ್ಸ್, ಕ್ರೀಮ್ ಬಿಸ್ಕತ್, ಹುರಿದ ಕಡಲೆಬೀಜ, ಗ್ರಾನೋಲಾ ಬಾರ್, ಪ್ರೊಟೀನ್ ಬಾರ್, ಹಣ್ಣಿನ ರುಚಿಯ ಮೊಸರಿನ ಕಪ್. ಬೇಕಂತಲೇ ಒಂದಕ್ಕೊಂದು ಹೋಲದ ತಿಂಡಿಗಳನ್ನು ಆರಿಸಿದೆ. ಒಂದೇ ಜಾತಿಯ ಆರು ಬಿಸ್ಕತ್ ಇಟ್ಟಿದ್ದರೆ ಟೇಬಲ್‌ನ ಹುಳುಕು ಯಾವುದೂ ಹೊರಗೆ ಬರುತ್ತಿರಲಿಲ್ಲ.

ಪ್ರತಿ ಪ್ಯಾಕೆಟ್‌ಗೂ ಎರಡು ಫೋಟೋ ತೆಗೆದುಕೊಳ್ಳಿ. ಒಂದು ಪೌಷ್ಟಿಕಾಂಶದ ಪಟ್ಟಿಯದ್ದು, ಇನ್ನೊಂದು ನಿವ್ವಳ ತೂಕ ಮತ್ತು ಸರ್ವಿಂಗ್ ಅಳತೆ ಇರುವ ಕಡೆಯದ್ದು. ಇವೆರಡೂ ಪ್ಯಾಕೆಟ್‌ನ ಬೇರೆ ಬೇರೆ ಮೂಲೆಯಲ್ಲಿ ಇರೋದೇ ಜಾಸ್ತಿ. ಪ್ಯಾಕೆಟ್ ಕಸದ ಬುಟ್ಟಿಗೆ ಹೋದ ಮೇಲೆ ಸರ್ವಿಂಗ್ ಎಷ್ಟು ಗ್ರಾಂ ಇತ್ತು ಅಂತ ನೆನಪಿಸಿಕೊಳ್ಳೋದು ಆಗದ ಮಾತು.

ಪುಡಿ ಸೂಪ್, ಹಾಲಿನ ಪಾನೀಯಗಳನ್ನು ಈ ಟೇಬಲ್‌ಗೆ ಸೇರಿಸಲಿಲ್ಲ. ಪಾನೀಯಗಳ ಲೇಬಲ್ ಸಾಮಾನ್ಯವಾಗಿ 100 ಮಿಲಿಲೀಟರ್ ಲೆಕ್ಕದಲ್ಲಿರುತ್ತದೆ. ಸೂಪ್‌ಗೆ ಒಣ ಪುಡಿಯ ಲೆಕ್ಕ ಕೊಟ್ಟಿದ್ದಾರೋ, ನೀರು ಬೆರೆಸಿ ತಯಾರಿಸಿದ ಮೇಲಿನದ್ದೋ ಅಂತ ಬೇರೆ ನೋಡಬೇಕು. ಅವಕ್ಕೆ ಪ್ರತ್ಯೇಕ ಶೀಟ್ ಮಾಡೋದೇ ವಾಸಿ.

ಹಂತ 2: ಮೊದಲ ಶೀಟ್, ಮೂಲೆಗೆ ಹೋಯ್ತು

ಮೊದಲು ಮಾಡಿದ್ದು ಎಲ್ಲರಿಗೂ ಹೊಳೆಯುವಂಥ ಶೀಟ್. ಸರ್ವಿಂಗ್‌ಗೆ ಮೂರು ಕಾಲಂ, 100 ಗ್ರಾಂಗೆ ಮೂರು ಕಾಲಂ, ಲೇಬಲ್‌ನಲ್ಲಿ ಇದ್ದದ್ದನ್ನು ಇದ್ದ ಕಡೆ ತುಂಬೋದು. ಚಿಪ್ಸ್ ಮತ್ತು ಪ್ರೊಟೀನ್ ಬಾರ್‌ಗೆ ಎರಡೂ ಸಿಕ್ಕಿತು. ಕಡಲೆಬೀಜ ಮತ್ತು ಬಿಸ್ಕತ್‌ಗೆ ಬರೀ 100 ಗ್ರಾಂ ಲೆಕ್ಕ. ಗ್ರಾನೋಲಾ ಬಾರ್‌ಗೆ ಬರೀ ಸರ್ವಿಂಗ್ ಲೆಕ್ಕ. ಹಾಗಾಗಿ ಶೀಟ್ ತುಂಬ ಖಾಲಿ ಖಾನೆಗಳು ಉಳಿದವು.

ಖಾಲಿ ಖಾನೆ ಸುಮ್ನೆ ಖಾಲಿ ಇದ್ದಿದ್ದರೆ ತೊಂದರೆ ಇರಲಿಲ್ಲ. ಆದರೆ ಎಕ್ಸೆಲ್‌ನಲ್ಲಿ ಇನ್ನೊಂದು ಖಾನೆಯಿಂದ ಅದನ್ನು `=G5` ಅಂತ ಕರೆದ ತಕ್ಷಣ ಅಲ್ಲಿ 0 ಬರುತ್ತದೆ. 100 ಗ್ರಾಂಗೆ ಸಕ್ಕರೆ ಎಷ್ಟು ಅಂತ ಕಡಿಮೆಯಿಂದ ಜಾಸ್ತಿಗೆ ಜೋಡಿಸಿದೆ ನೋಡಿ, ಗ್ರಾನೋಲಾ ಬಾರ್ ಸಕ್ಕರೆಯೇ ಇಲ್ಲದ ತಿಂಡಿಯಾಗಿ ಎಲ್ಲಕ್ಕಿಂತ ಮೇಲೆ ಬಂದು ಕೂತಿತು! ಬಾಯಿಗೆ ಹಾಕಿದರೇ ಸಿಹಿ ಗೊತ್ತಾಗುತ್ತೆ, ಹಾಗಾಗಿ ಕಣ್ಣಿಗೆ ಬಿತ್ತು. ಪ್ರೊಟೀನ್ ಕಾಲಂನಲ್ಲಿ ಇದೇ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈ ಶೀಟಿನ ಇನ್ನೊಂದು ತೊಂದರೆ, ಖಾಲಿ ಖಾನೆಗಳನ್ನು ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿ ಕೈಯಿಂದ ತುಂಬಿಬಿಟ್ಟರೆ ಯಾವುದು ಲೇಬಲ್ ಹೇಳಿದ್ದು, ಯಾವುದು ನಾವು ಗುಣಿಸಿ ಬರೆದದ್ದು ಅಂತ ಆಮೇಲೆ ಗುರುತು ಸಿಗೋದಿಲ್ಲ. ಅದು ಯಾಕೆ ಮುಖ್ಯ ಅನ್ನೋದು ಹಂತ 5ರಲ್ಲಿ ಬರುತ್ತದೆ.

ಹಂತ 3: ಒಂದು ಕಾಲಂ ಸೇರಿಸಿದ್ದು

ಎರಡನೇ ಶೀಟ್‌ನಲ್ಲಿ ಲೇಬಲ್‌ನಿಂದ ಒಂದೇ ಒಂದು ಸೆಟ್ ಅಂಕಿ ತಗೊಂಡೆ. ಅದರ ಪಕ್ಕದಲ್ಲಿ ಆ ಅಂಕಿಗಳು ಎಷ್ಟು ಗ್ರಾಂಗೆ ಸೇರಿದವು ಅಂತ ಬರೆಯೋಕೆ ಒಂದು ಕಾಲಂ ಇಟ್ಟೆ. 100 ಗ್ರಾಂ ಪಟ್ಟಿಯಿಂದ ತಗೊಂಡಿದ್ದರೆ ಅಲ್ಲಿ 100. ಸರ್ವಿಂಗ್ ಪಟ್ಟಿಯಿಂದ ತಗೊಂಡಿದ್ದರೆ ಸರ್ವಿಂಗ್‌ನ ತೂಕ. ಇಷ್ಟೇ. ಈ ಒಂದು ಕಾಲಂ ಬಂದ ಮೇಲೆ ಉಳಿದ ಎರಡೂ ಲೆಕ್ಕ ತಾನಾಗಿ ಹುಟ್ಟುತ್ತವೆ.

`raw` ಅನ್ನೋ ಶೀಟ್‌ನಲ್ಲಿ ಕಾಲಂಗಳು ಹೀಗಿವೆ: A ತಿಂಡಿಯ ಹೆಸರು, B ಲೇಬಲ್ ಅಂಕಿಯ ತೂಕ, C ಸರ್ವಿಂಗ್ ತೂಕ, D ಪ್ಯಾಕೆಟ್‌ನ ನಿವ್ವಳ ತೂಕ, E ಕ್ಯಾಲರಿ, F ಪ್ರೊಟೀನ್, G ಸಕ್ಕರೆ, H ಕೊಬ್ಬು, I ಕಾರ್ಬೋಹೈಡ್ರೇಟ್, J ನಾರು. ಈ ಶೀಟ್‌ನಲ್ಲಿ ಸೂತ್ರ ಒಂದೂ ಇಲ್ಲ, ಲೇಬಲ್ ಹೇಳಿದ್ದು ಮಾತ್ರ. ತೋರಿಸುವ ಟೇಬಲ್ ಇನ್ನೊಂದು ಶೀಟ್‌ನಲ್ಲಿದೆ. ಅಲ್ಲಿ ಸೂತ್ರ ಬಿಟ್ಟು ಬೇರೇನೂ ಇಲ್ಲ. ಸಕ್ಕರೆಗೆ ಬರೆದದ್ದು ಇದು, ಮೊದಲನೆಯದು 100 ಗ್ರಾಂಗೆ, ಎರಡನೆಯದು ಸರ್ವಿಂಗ್‌ಗೆ:

```
=IF(raw!G2="","",raw!G2/raw!B2*100)
=IF(raw!G2="","",raw!G2/raw!B2*raw!C2)
```

ಖಾನೆ ಖಾಲಿ ಇದ್ದರೆ ಉತ್ತರವೂ ಖಾಲಿ ಇರಲಿ ಅಂತ ಮುಂದೆ `IF` ಹಾಕಿದ್ದೇನೆ. ಸಕ್ಕರೆ ಇಲ್ಲ ಅನ್ನೋದಕ್ಕೂ ಲೇಬಲ್ ಏನೂ ಹೇಳಿಲ್ಲ ಅನ್ನೋದಕ್ಕೂ ತುಂಬ ವ್ಯತ್ಯಾಸ ಇದೆ ಅಲ್ವಾ?

ಕೊಬ್ಬು, ಕಾರ್ಬೋಹೈಡ್ರೇಟ್, ನಾರು ಟೇಬಲ್‌ಗೆ ಬೇಡದಿದ್ದರೂ ಬರೆದುಕೊಂಡೆ. ಅವು ತಾಳೆ ನೋಡೋಕೆ ಬೇಕಾಗುತ್ತವೆ, ಹಂತ 6 ನೋಡಿ.

ಲೇಬಲ್‌ನಲ್ಲಿ ಎರಡೂ ಪಟ್ಟಿ ಇದ್ದರೆ ಯಾವುದರಿಂದ ತಗೋಬೇಕು? ತೂಕ ದೊಡ್ಡದಿರುವ ಪಟ್ಟಿಯಿಂದ. ಚಿಪ್ಸ್‌ಗೆ 30 ಗ್ರಾಂ ಸರ್ವಿಂಗ್ ಇದೆ, ಹಾಗಾಗಿ 100 ಗ್ರಾಂ ಪಟ್ಟಿ. ಮೊಸರಿನ ಕಪ್ 125 ಗ್ರಾಂ, ಅಲ್ಲಿ ಕಪ್‌ನ ಪಟ್ಟಿಯೇ ಮೇಲು. ಆದರೆ ಅವರು 100 ಗ್ರಾಂ ಪಟ್ಟಿ ಒಂದನ್ನೇ ಕೊಟ್ಟಿದ್ದರು, ಅದನ್ನೇ ತಗೊಂಡೆ.

ಹಂತ 4: ಅಂಕಿ ಹೊಡೆಯುವಾಗ ಕೈಕೊಟ್ಟವು

ಚಿಪ್ಸ್‌ನ ಕ್ಯಾಲರಿ ಮೊದಲ ಸಲ 2259 ಅಂತ ಕೂತಿತ್ತು. ಲೇಬಲ್‌ನಲ್ಲಿ ಶಕ್ತಿಯನ್ನು ಎರಡು ಸಾಲಿನಲ್ಲಿ ಕೊಟ್ಟಿದ್ದರು, ಮೇಲಿನ ಸಾಲು ಕಿಲೋಜೂಲ್‌ನದ್ದು. 1 ಕಿಲೋಕ್ಯಾಲರಿ ಅಂದರೆ 4.184 ಕಿಲೋಜೂಲ್, ಭಾಗಿಸಿದರೆ 540 ಬರುತ್ತದೆ. ಕೆಳಗಿನ ಸಾಲಿನಲ್ಲಿದ್ದದ್ದೂ ಅದೇ. ಇದನ್ನು ಹಿಡಿಯೋಕೆ ಸುಲಭ ದಾರಿ ಇದೆ. ತಿಂಡಿಯಲ್ಲಿ ಅತಿ ಹೆಚ್ಚು ಶಕ್ತಿ ಇರೋದು ಕೊಬ್ಬಿನಲ್ಲಿ, ಅಪ್ಪಟ ಎಣ್ಣೆಗೂ 100 ಗ್ರಾಂಗೆ 900 ಕ್ಯಾಲರಿಯೇ. ಹಾಗಾಗಿ 100 ಗ್ರಾಂ ಕಾಲಂನಲ್ಲಿ 900 ದಾಟಿದ ಅಂಕಿ ಕಂಡರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ಆ ಕಾಲಂಗೆ 900 ಮೀರಿದರೆ ಕೆಂಪಾಗುವ ಹಾಗೆ ಬಣ್ಣ ಕಟ್ಟಿದೆ. ಮೊಸರಿನಂಥ ಹಗುರ ತಿಂಡಿಗೆ ಈ ಬಲೆ ಸಾಲದು. 95 ಕ್ಯಾಲರಿ ಅಂದರೆ ಸುಮಾರು 397 ಕಿಲೋಜೂಲ್, ಅದು 900ರ ಒಳಗೇ ನುಸುಳಿಕೊಂಡು ಹೋಗುತ್ತದೆ. ಅಂಥದ್ದನ್ನು ಹಂತ 6ರ ತಾಳೆ ಹಿಡಿಯುತ್ತದೆ.

ಇನ್ನೊಂದು, ಅಕ್ಷರ ಬೆರೆತ ಅಂಕಿ. ಬಿಸ್ಕತ್‌ನ ಸರ್ವಿಂಗ್ ಖಾನೆಯಲ್ಲಿ "2 ಬಿಸ್ಕತ್, 25 ಗ್ರಾಂ" ಅಂತ ಬರೆದಿದ್ದೆ. ಮನುಷ್ಯರಿಗೆ ಅರ್ಥ ಆಗುತ್ತೆ, ಶೀಟ್‌ಗೆ ಆಗೋದಿಲ್ಲ, `#VALUE!` ಅಂತ ಬಂತು. ಖಾನೆಯಲ್ಲಿ ಬರೀ 25 ಇಟ್ಟು, ಎಷ್ಟು ಬಿಸ್ಕತ್ ಅನ್ನೋದನ್ನು ಟಿಪ್ಪಣಿ ಕಾಲಂಗೆ ಸಾಗಿಸಿದೆ.

ಚಿಪ್ಸ್‌ನ ಸರ್ವಿಂಗ್ ಪಟ್ಟಿಯಲ್ಲಿ ಸಕ್ಕರೆ `<0.5` ಅಂತಿತ್ತು. ಅದನ್ನು ಹಾಗೇ ಹೊಡೆದರೆ ಮತ್ತೆ ಅದೇ `#VALUE!`. 0 ಅಂತ ಹೊಡೆದರೆ ಸುಳ್ಳು. 100 ಗ್ರಾಂ ಪಟ್ಟಿಯಲ್ಲಿ 1.5 ಅಂತ ಸ್ಪಷ್ಟವಾಗಿ ಇದ್ದದ್ದರಿಂದ ಈ ಸಲ ಬಚಾವ್. ಸರ್ವಿಂಗ್ ಪಟ್ಟಿ ಒಂದೇ ಇದ್ದಿದ್ದರೆ 0.5 ಅಂತ ಹಾಕಿ, ಇದು ಮೇಲಿನ ಮಿತಿ ಮಾತ್ರ ಅಂತ ಟಿಪ್ಪಣಿ ಬರೆಯಬೇಕಾಗುತ್ತಿತ್ತು.

ಸಕ್ಕರೆ ಕಾಲಂಗೆ ಒಟ್ಟು ಸಕ್ಕರೆಯನ್ನೇ ತಗೊಂಡೆ. ಗ್ರಾನೋಲಾ ಬಾರ್‌ನಲ್ಲಿ ಸೇರಿಸಿದ ಸಕ್ಕರೆ ಅಂತ ಬೇರೆ ಸಾಲು ಇತ್ತು, ಉಳಿದ ಕೆಲವಕ್ಕೆ ಇರಲಿಲ್ಲ. ಇದ್ದವಕ್ಕೆ ಒಂದು ಲೆಕ್ಕ, ಇಲ್ಲದವಕ್ಕೆ ಇನ್ನೊಂದು ಲೆಕ್ಕ ಅಂದರೆ ಹೋಲಿಕೆಗೆ ಅರ್ಥವೇ ಇರೋದಿಲ್ಲ. ಮೊಸರಿಗೆ ಇದರಿಂದ ಸ್ವಲ್ಪ ಅನ್ಯಾಯ ಆಗುತ್ತೆ, ಯಾಕಂದರೆ ಅದರ ಸಕ್ಕರೆಯಲ್ಲಿ ಹಾಲಿನದ್ದೇ ಆದ ಲ್ಯಾಕ್ಟೋಸ್ ಕೂಡ ಸೇರಿದೆ. ಏನೂ ಬೆರೆಸದ ಸಪ್ಪೆ ಮೊಸರಿಗೂ 100 ಗ್ರಾಂಗೆ 4-5 ಗ್ರಾಂ ಸಕ್ಕರೆ ಇರುತ್ತದೆ. ಇದನ್ನೂ ಟಿಪ್ಪಣಿಗೆ ಹಾಕಿದೆ.

ಹಂತ 5: ಗ್ರಾನೋಲಾ ಬಾರ್‌ನಲ್ಲಿ ಸಿಕ್ಕಿಹಾಕಿಕೊಂಡದ್ದು

ಜಾಸ್ತಿ ಹೊತ್ತು ಹೋದದ್ದು ಇಲ್ಲಿ. ಈ ಬಾರ್‌ನ ಲೇಬಲ್ ಅಮೆರಿಕದ ಮಾದರಿಯದ್ದು, 100 ಗ್ರಾಂ ಲೆಕ್ಕವೇ ಇಲ್ಲ. 1 ಬಾರ್ 21 ಗ್ರಾಂ, 90 ಕ್ಯಾಲರಿ, ಪ್ರೊಟೀನ್ 2 ಗ್ರಾಂ, ಸಕ್ಕರೆ 6 ಗ್ರಾಂ. B ಕಾಲಂಗೆ 21 ಹಾಕಿದ ತಕ್ಷಣ ಟೇಬಲ್ ಹೇಳಿತು: 100 ಗ್ರಾಂಗೆ 428.57 ಕ್ಯಾಲರಿ, ಪ್ರೊಟೀನ್ 9.52, ಸಕ್ಕರೆ 28.57. ಎರಡು ದಶಾಂಶ ಸ್ಥಾನ! ಪ್ರಯೋಗಾಲಯದಿಂದ ಬಂದ ವರದಿಯ ಹಾಗೆ ಕಾಣುತ್ತದೆ.

ಆದರೆ ಲೇಬಲ್ ಮೇಲಿನ 2 ಮತ್ತು 6 ಪೂರ್ಣ ಅಂಕಿಗೆ ಸರಿಹೊಂದಿಸಿದವು. ಆ ದೇಶದ ನಿಯಮದಲ್ಲಿ ಪ್ರೊಟೀನ್, ಸಕ್ಕರೆಯನ್ನು ಹತ್ತಿರದ ಗ್ರಾಂಗೆ ಸರಿಹೊಂದಿಸುತ್ತಾರೆ. ಅರ್ಧ ಗ್ರಾಂಗಿಂತ ಕಡಿಮೆ ಇದ್ದರೆ 0 ಅಂತ ಬರೆಯಬಹುದು. ಕ್ಯಾಲರಿ 50ರವರೆಗೆ ಹತ್ತಿರದ 5ಕ್ಕೆ, ಅದರ ಮೇಲೆ ಹತ್ತಿರದ 10ಕ್ಕೆ. ಅಂದರೆ 2 ಗ್ರಾಂ ಪ್ರೊಟೀನ್ ಅಂದಾಗ ಒಳಗಿರೋದು 1.5ರಿಂದ 2.5ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಬಾರ್ ತಿನ್ನುವಾಗ ಅರ್ಧ ಗ್ರಾಂ ಹೆಚ್ಚುಕಡಿಮೆ ಲೆಕ್ಕಕ್ಕೇ ಇಲ್ಲ. ಆದರೆ 21 ಗ್ರಾಂನಿಂದ 100ಕ್ಕೆ ಏರಿಸುವಾಗ ಅದೂ ಸುಮಾರು 5 ಪಟ್ಟು ಹಿಗ್ಗುತ್ತದೆ. 9.52 ಅಂತ ಕಂಡದ್ದು ನಿಜವಾಗಿ 7.1ರಿಂದ 11.9ರ ನಡುವೆ ಯಾವುದೋ ಒಂದು. ಸಕ್ಕರೆ 26.2ರಿಂದ 31.0. ಕ್ಯಾಲರಿ 405ರಿಂದ 452.

ಸರ್ವಿಂಗ್ ಚಿಕ್ಕದಾದಷ್ಟೂ ಈ ಹಿಗ್ಗು ಜಾಸ್ತಿ. ಅರ್ಧ ಗ್ರಾಂಗಿಂತ ಕಡಿಮೆ ತೂಗುವ ಪೆಪ್ಪರ್‌ಮಿಂಟ್ ಒಂದನ್ನು ಸರ್ವಿಂಗ್ ಅಂತ ಇಟ್ಟುಕೊಳ್ಳಿ. ಅದು ಮುಕ್ಕಾಲುಪಾಲು ಸಕ್ಕರೆಯೇ ಆಗಿದ್ದರೂ ಈ ನಿಯಮದಲ್ಲಿ ಸಕ್ಕರೆ 0 ಅಂತ ಬರೆಯಬಹುದು. ಆ 0ಯನ್ನು ನಮ್ಮ ಟೇಬಲ್ 100ಕ್ಕೆ ಏರಿಸಿದರೂ 0 ಆಗಿಯೇ ಉಳಿಯುತ್ತದೆ.

ಹಾಗಾಗಿ ಪೂರ್ಣ ಅಂಕಿಗೆ ಸರಿಹೊಂದಿಸಿದ ಲೇಬಲ್‌ಗಳಿಗೆ ಕೆಳಮಿತಿ, ಮೇಲ್ಮಿತಿ ಅಂತ ಎರಡು ಕಾಲಂ ಸೇರಿಸಿದೆ. ಪ್ರೊಟೀನ್‌ಗೆ ಸೂತ್ರ ಇದು (ಕ್ಯಾಲರಿಗೆ 0.5 ಬದಲು 5 ಹಾಕಬೇಕು):

```
=(raw!F5-0.5)/raw!B5*100
=(raw!F5+0.5)/raw!B5*100
```

ಇಷ್ಟಾದ ಮೇಲೆ ಲೇಬಲ್‌ನಲ್ಲೇ ಒಂದು ಸಹಾಯ ಸಿಕ್ಕಿತು. ಈ ಪ್ಯಾಕೆಟ್‌ನಲ್ಲಿ ಎರಡು ಬಾರ್ ಇವೆ, ಹಾಗಾಗಿ ಒಂದು ಬಾರ್‌ಗೆ ಒಂದು ಪಟ್ಟಿ, ಇಡೀ ಪ್ಯಾಕೆಟ್‌ಗೆ ಇನ್ನೊಂದು ಪಟ್ಟಿ ಅಂತ ಅಕ್ಕಪಕ್ಕ ಕೊಟ್ಟಿದ್ದರು. ಬಾರ್‌ಗೆ ಸಕ್ಕರೆ 6 ಗ್ರಾಂ. ಎರಡು ಬಾರ್‌ಗೆ 11 ಗ್ರಾಂ. ಮೊದಲು ನೋಡಿದಾಗ ಅಚ್ಚಿನ ತಪ್ಪು ಅನಿಸಿತು, ಆರು ಎರಡ್ಲ ಹನ್ನೆರಡು ಅಲ್ವಾ! ಆಮೇಲೆ ಮಿತಿಗಳನ್ನು ಬಿಡಿಸಿ ನೋಡಿದಾಗ ಎರಡೂ ಸರಿಯೇ ಅಂತ ತಿಳಿಯಿತು. ಒಂದು ಬಾರ್‌ಗೆ 6 ಅಂದರೆ 5.5ರಿಂದ 6.5. ಎರಡಕ್ಕೆ 11 ಅಂದರೆ 10.5ರಿಂದ 11.5, ಅಂದರೆ ಒಂದಕ್ಕೆ 5.25ರಿಂದ 5.75. ಎರಡೂ ಒಟ್ಟಿಗೆ ನಿಜ ಆಗಬೇಕಾದರೆ ಒಂದು ಬಾರ್‌ನಲ್ಲಿ ಇರೋದು 5.5ರಿಂದ 5.75 ಗ್ರಾಂ. 100 ಗ್ರಾಂಗೆ 26.2ರಿಂದ 27.4. ಮೊದಲು 5 ಗ್ರಾಂ ಅಗಲ ಇದ್ದ ಅಂದಾಜು ಈಗ 1.2 ಗ್ರಾಂ ಅಗಲಕ್ಕೆ ಇಳಿಯಿತು. ತಾಳೆ ಆಗದ ಹಾಗೆ ಕಂಡ ಎರಡು ಅಂಕಿಗಳಿಂದಲೇ ಇಷ್ಟು ನಿಖರವಾದ ಉತ್ತರ ಸಿಕ್ಕಿದ್ದು ಈ ಕೆಲಸದಲ್ಲೇ ನನಗೆ ತುಂಬ ಹಿಡಿಸಿದ ಭಾಗ.

ಹಾಗಾಗಿ B ಕಾಲಂನಲ್ಲಿ 21 ಅಳಿಸಿ 42 ಹಾಕಿದೆ, ಇಡೀ ಪ್ಯಾಕೆಟ್‌ನ ಅಂಕಿಗಳನ್ನು ಬರೆದೆ: 180 ಕ್ಯಾಲರಿ, ಪ್ರೊಟೀನ್ 4, ಸಕ್ಕರೆ 11. ಪ್ರೊಟೀನ್ ಈಗ 8.3ರಿಂದ 10.7. ಇನ್ನೂ ಅಗಲವೇ, ಆದರೆ ಪರವಾಗಿಲ್ಲ. ಚಿಪ್ಸ್‌ನ 6.5ಕ್ಕಿಂತ ಜಾಸ್ತಿ ಅಂತ ಖಚಿತವಾಗಿ ಹೇಳಬಹುದು. 9 ಗ್ರಾಂ ಇರುವ ಇನ್ನೊಂದು ಬಾರ್ ಬಂದರೆ ಯಾವುದು ಮುಂದೆ ಅಂತ ಈ ಟೇಬಲ್ ಹೇಳಲಾರದು. ಅಲ್ಲಿ 9.5 ಮತ್ತು 9 ಅಂತ ಎರಡು ಅಂಕಿ ನೋಡಿ ಆರಿಸಿಕೊಂಡರೆ ನಾಣ್ಯ ಚಿಮ್ಮಿ ಆರಿಸಿದ ಹಾಗೆಯೇ. ಟೇಬಲ್‌ನಲ್ಲಿ ಇಂಥ ಅಂಕಿಗಳ ಮುಂದೆ ~ ಗುರುತು ಹಾಕಿ, 100 ಗ್ರಾಂ ಕಾಲಂನ ದಶಾಂಶ ತೆಗೆದುಬಿಟ್ಟೆ.

ಹಂತ 6: ಕ್ಯಾಲರಿ ತಾಳೆ

ಕ್ಯಾಲರಿ ಬಹುತೇಕ ಬರೋದು ಪ್ರೊಟೀನ್, ಕಾರ್ಬೋಹೈಡ್ರೇಟ್, ಕೊಬ್ಬಿನಿಂದ. ಗ್ರಾಂಗೆ 4, 4, 9. ನಾರನ್ನು ಕಾರ್ಬೋಹೈಡ್ರೇಟ್‌ನಿಂದ ಬೇರೆ ತೋರಿಸುವ ಲೇಬಲ್‌ನಲ್ಲಿ ನಾರಿಗೆ 2. ಈ ಸೂತ್ರ ಹಾಕಿ ಲೇಬಲ್‌ನ ಕ್ಯಾಲರಿ ಜೊತೆ ಹೋಲಿಸಿದರೆ ಟೈಪಿಂಗ್ ತಪ್ಪು ಹೆಚ್ಚಿನಂಶ ಸಿಕ್ಕಿಬೀಳುತ್ತದೆ:

```
=4*raw!F2+4*raw!I2+9*raw!H2+2*raw!J2
```

5 ಶೇಕಡಾಕ್ಕಿಂತ ಜಾಸ್ತಿ ಅಂತರ ಇದ್ದರೆ ಸಾಲು ಹಳದಿ ಆಗುವಂತೆ ಮಾಡಿದೆ. ಮೊದಲು ಹಳದಿ ಆದದ್ದು ಬಿಸ್ಕತ್. ಲೇಬಲ್ 485 ಅನ್ನುತ್ತದೆ, ಸೂತ್ರ 322. ಅಂತರ 163. ಇಂಥ ಅಂತರವನ್ನು 9ರಿಂದಲೂ 4ರಿಂದಲೂ ಭಾಗಿಸಿ ನೋಡಿ. 163ನ್ನು 9ರಿಂದ ಭಾಗಿಸಿದರೆ ಸುಮಾರು 18. ಅಂದರೆ 18 ಗ್ರಾಂ ಕೊಬ್ಬು ಎಲ್ಲೋ ಕಾಣೆ ಆಗಿದೆ. ಕೊಬ್ಬಿನ ಖಾನೆಯಲ್ಲಿ 2.0 ಅಂತಿತ್ತು, ಲೇಬಲ್‌ನಲ್ಲಿ 20.0. ಬಿಂದು ಒಂದು ಸ್ಥಾನ ಜಾರಿತ್ತು. ತಿದ್ದಿದ ಮೇಲೆ 484, ಹಳದಿ ಹೋಯ್ತು.

ಎರಡನೇ ಹಳದಿ ಪ್ರೊಟೀನ್ ಬಾರ್. ಲೇಬಲ್ 360, ಸೂತ್ರ 392. ಅಂಕಿಗಳನ್ನು ಮತ್ತೆ ಮತ್ತೆ ಫೋಟೋ ಜೊತೆ ಹೋಲಿಸಿದರೂ ಟೈಪಿಂಗ್ ತಪ್ಪು ಸಿಗಲಿಲ್ಲ. ಕಾರ್ಬೋಹೈಡ್ರೇಟ್ 34 ಗ್ರಾಂ ಕೆಳಗೆ ಚಿಕ್ಕ ಅಕ್ಷರದಲ್ಲಿ "ಇದರಲ್ಲಿ ಪಾಲಿಯಾಲ್ 20 ಗ್ರಾಂ" ಅಂತ ಒಂದು ಸಾಲಿತ್ತು. ಮಾಲ್ಟಿಟಾಲ್‌ನಂಥ ಸಿಹಿ ಇದು, ಕಾರ್ಬೋಹೈಡ್ರೇಟ್‌ನಲ್ಲಿ ಸೇರುತ್ತದೆ, ಸಕ್ಕರೆಯ ಸಾಲಿನಲ್ಲಿ ಸೇರೋದಿಲ್ಲ. ಯುರೋಪಿನ ಲೇಬಲ್ ಲೆಕ್ಕದಲ್ಲಿ ಅದಕ್ಕೆ ಗ್ರಾಂಗೆ 4 ಅಲ್ಲ, 2.4 ಕ್ಯಾಲರಿ. 20 ಗ್ರಾಂಗೆ ತಲಾ 1.6 ಕಳೆದರೆ 32, ಸರಿಯಾಗಿ 360ಕ್ಕೆ ಬಂದು ನಿಂತಿತು. ಹೀಗಾಗಿ ಆ ಬಾರ್‌ನ ಸಕ್ಕರೆ 1.8 ಗ್ರಾಂ ಅಂತ ಕಂಡರೂ ಸಿಹಿಗೇನೂ ಕೊರತೆ ಇಲ್ಲ. ಒಂದು ಬಾರ್‌ನಲ್ಲಿ 12 ಗ್ರಾಂ ಪಾಲಿಯಾಲ್ ಬೇರೆ ಇದೆ. ಟಿಪ್ಪಣಿ ಕಾಲಂ ಇಲ್ಲದಿದ್ದರೆ ಟೇಬಲ್ ಇದನ್ನು ಮುಚ್ಚಿಡುತ್ತಿತ್ತು.

ಗ್ರಾನೋಲಾ ಬಾರ್‌ಗೆ ಈ ಸೂತ್ರ ಹಾಗೇ ನಡೆಯೋದಿಲ್ಲ. ಅಮೆರಿಕದ ಲೇಬಲ್‌ನಲ್ಲಿ ಕಾರ್ಬೋಹೈಡ್ರೇಟ್ ಒಳಗೇ ನಾರು ಸೇರಿರುತ್ತದೆ, ಯುರೋಪಿನದ್ದರಲ್ಲಿ ಹೊರಗೆ. ಅಂಥ ಸಾಲಿಗೆ `raw!I2` ಬದಲು `(raw!I2-raw!J2)` ಹಾಕಬೇಕು.

ಹಂತ 7: ಟೇಬಲ್

| ತಿಂಡಿ | ಸರ್ವಿಂಗ್ (ಗ್ರಾಂ) | ಕ್ಯಾಲರಿ, 100 ಗ್ರಾಂಗೆ | ಕ್ಯಾಲರಿ, ಸರ್ವಿಂಗ್‌ಗೆ | ಪ್ರೊಟೀನ್, 100 ಗ್ರಾಂಗೆ | ಪ್ರೊಟೀನ್, ಸರ್ವಿಂಗ್‌ಗೆ | ಸಕ್ಕರೆ, 100 ಗ್ರಾಂಗೆ | ಸಕ್ಕರೆ, ಸರ್ವಿಂಗ್‌ಗೆ |
|---|---|---|---|---|---|---|---|
| ಆಲೂಗಡ್ಡೆ ಚಿಪ್ಸ್ | 30 | 540 | 162 | 6.5 | 2.0 | 1.5 | 0.5 |
| ಕ್ರೀಮ್ ಬಿಸ್ಕತ್ | 25 | 485 | 121 | 5.0 | 1.3 | 36.0 | 9.0 |
| ಹುರಿದ ಕಡಲೆಬೀಜ | 30 | 600 | 180 | 26.0 | 7.8 | 4.5 | 1.4 |
| ಗ್ರಾನೋಲಾ ಬಾರ್ | 21 | ~430 | ~90 | ~10 | ~2 | ~26 | ~5.5 |
| ಪ್ರೊಟೀನ್ ಬಾರ್ | 60 | 360 | 216 | 33.0 | 19.8 | 3.0 | 1.8 |
| ಹಣ್ಣಿನ ಮೊಸರು | 125 | 95 | 119 | 4.0 | 5.0 | 13.0 | 16.3 |

ಸಕ್ಕರೆಯ ಎರಡು ಕಾಲಂ ನೋಡಿ. 100 ಗ್ರಾಂಗೆ ಬಿಸ್ಕತ್ 36, ಮೊಸರು 13. ಮೊಸರು ಮೂರರಲ್ಲಿ ಒಂದು ಪಾಲು ಅಷ್ಟೇ. ಸರ್ವಿಂಗ್‌ಗೆ ಬಂದರೆ ಬಿಸ್ಕತ್ 9, ಮೊಸರು 16.3. ಪೂರ್ತಿ ತಲೆಕೆಳಗು! ಎರಡೂ ಸುಳ್ಳಲ್ಲ. ಮೊಸರಿನ ತೂಕದಲ್ಲಿ ಬಹುಪಾಲು ನೀರು, ಹಾಗಾಗಿ 100 ಗ್ರಾಂ ಲೆಕ್ಕದಲ್ಲಿ ಎಲ್ಲವೂ ತೆಳುವಾಗಿ ಕಾಣುತ್ತದೆ. ಆದರೆ ಕಪ್ ತೆರೆದವರು 125 ಗ್ರಾಂ ತಿನ್ನುತ್ತಾರೆ, ಬಿಸ್ಕತ್ ತೆರೆದವರು ಎರಡಕ್ಕೆ ನಿಲ್ಲಿಸಿದರೆ 25 ಗ್ರಾಂ. ನನ್ನ ಪ್ರಕಾರ, ಎರಡು ಬಿಸ್ಕತ್‌ಗಳ ನಡುವೆ ಆರಿಸೋಕೆ 100 ಗ್ರಾಂ ಕಾಲಂ ಸಾಕು. ಬಿಸ್ಕತ್ ಮತ್ತು ಮೊಸರಿನಂಥ ಬೇರೆ ಜಾತಿಗಳ ನಡುವೆ ಅದೊಂದನ್ನೇ ನೋಡಿದರೆ ದಾರಿ ತಪ್ಪುತ್ತದೆ.

ನೀರಿನ ತೊಂದರೆ ತಪ್ಪಿಸೋಕೆ ಕೊನೆಗೆ ಇನ್ನೊಂದು ಕಾಲಂ ಸೇರಿಸಿದೆ, 100 ಕ್ಯಾಲರಿಗೆ ಎಷ್ಟು ಪ್ರೊಟೀನ್ ಅಂತ. ಸೂತ್ರ `=raw!F2/raw!E2*100`. ಇಲ್ಲಿ ತೂಕವೇ ಬರೋದಿಲ್ಲ, ಹಾಗಾಗಿ ಸರ್ವಿಂಗ್ ಗಲಾಟೆಯೂ ಇಲ್ಲ. ಪ್ರೊಟೀನ್ ಬಾರ್ 9.2, ಕಡಲೆಬೀಜ 4.3, ಮೊಸರು 4.2, ಗ್ರಾನೋಲಾ ಸುಮಾರು 2, ಚಿಪ್ಸ್ 1.2, ಬಿಸ್ಕತ್ 1.0. 100 ಗ್ರಾಂ ಲೆಕ್ಕದಲ್ಲಿ 26 ಮತ್ತು 4 ಅಂತ ಅಷ್ಟು ದೂರ ಇದ್ದ ಕಡಲೆಬೀಜ ಮತ್ತು ಮೊಸರು ಇಲ್ಲಿ ಹೆಚ್ಚುಕಡಿಮೆ ಪಕ್ಕಪಕ್ಕ ಕೂತಿವೆ. ಈ ಕಾಲಂ ಬರುವವರೆಗೆ ನಾನು ಇದನ್ನು ಊಹಿಸಿರಲಿಲ್ಲ.

ಹಂತ 8: ನಿಜವಾಗಿ ತಿನ್ನುವಷ್ಟು

ಸರ್ವಿಂಗ್ ಅನ್ನೋದು ಲೇಬಲ್ ಇಟ್ಟುಕೊಂಡ ಅಳತೆ. ಚಿಪ್ಸ್ ಪ್ಯಾಕೆಟ್ 52 ಗ್ರಾಂ, ಸರ್ವಿಂಗ್ 30. ಪ್ಯಾಕೆಟ್ ತೆರೆದು 22 ಗ್ರಾಂ ಉಳಿಸಿ ಎತ್ತಿಡುವವರು ಎಷ್ಟು ಜನ? ಇಡೀ ಪ್ಯಾಕೆಟ್‌ಗೆ 281 ಕ್ಯಾಲರಿ ಆಗುತ್ತದೆ. ಅದಕ್ಕೇ `raw` ಶೀಟ್‌ಗೆ ತಿನ್ನುವ ತೂಕ ಅಂತ ಇನ್ನೊಂದು ಕಾಲಂ ಸೇರಿಸಿದೆ. ಒಂದೇ ಸಲ ಮುಗಿಯುವಂಥದ್ದಕ್ಕೆ D ಕಾಲಂನ ನಿವ್ವಳ ತೂಕ, ಡಬ್ಬಿಯಿಂದ ಬಡಿಸಿಕೊಳ್ಳುವಂಥದ್ದಕ್ಕೆ ತಕ್ಕಡಿ ಮೇಲಿನ ತೂಕ. ಬಟ್ಟಲನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಎಂದಿನ ಹಾಗೆ ಕಡಲೆಬೀಜ ಸುರಿದೆ. 47 ಗ್ರಾಂ ತೋರಿಸಿತು. ಲೇಬಲ್‌ನ 30 ಗ್ರಾಂ 180 ಕ್ಯಾಲರಿ, ನನ್ನ ಬಟ್ಟಲು 282. ಚಿಪ್ಸ್‌ನ ಇಡೀ ಪ್ಯಾಕೆಟ್‌ಗೆ ಸಮ, ಆದರೆ ಪ್ರೊಟೀನ್ ಮಾತ್ರ 12 ಗ್ರಾಂ.

ತಕ್ಕಡಿ 1 ಗ್ರಾಂ ಆಚೀಚೆ ತೋರಿಸಬಹುದು. 47 ಗ್ರಾಂಗೆ ಅದು ಏನೂ ಅಲ್ಲ. ಒಂದೊಂದೇ ಬಿಸ್ಕತ್ ತೂಗಿದರೆ ಮಾತ್ರ ತೊಂದರೆ. ಹತ್ತನ್ನು ಒಟ್ಟಿಗೆ ತೂಗಿ ಭಾಗಿಸೋದು ಒಳ್ಳೆಯದು.

ಟೇಬಲ್ ಮುಗಿಯಿತು ಅಂದುಕೊಂಡ ಮೇಲೆ ಚಿಪ್ಸ್‌ನ ಹೊಸ ಪ್ಯಾಕೆಟ್ ಬಂತು. ಸರ್ವಿಂಗ್ ಕಾಲಂನಲ್ಲಿ 162 ಇದ್ದದ್ದು 135 ಆಯ್ತು. ಕ್ಯಾಲರಿ ಕಡಿಮೆ ಮಾಡಿದ್ದಾರಾ ಅಂತ ನೋಡಿದರೆ 100 ಗ್ರಾಂಗೆ ಅದೇ 540. ಬದಲಾದದ್ದು C ಕಾಲಂ ಮಾತ್ರ, ಸರ್ವಿಂಗ್ 30ರಿಂದ 25ಕ್ಕೆ ಇಳಿದಿದೆ. ಆವತ್ತಿಂದ ಪ್ರತಿ ಸಾಲಿಗೂ ಫೋಟೋ ತೆಗೆದ ದಿನಾಂಕ ಹಾಕುತ್ತಿದ್ದೇನೆ. ಹಳೇ ಸಾಲನ್ನು ತಿದ್ದೋದಿಲ್ಲ, ಹೊಸ ಪ್ಯಾಕೆಟ್‌ಗೆ ಹೊಸ ಸಾಲು.